ಬಾಗಿಲು ತಡೆಯಲು ಬಾರದ ನಾದಿನಿಯ ವಿಡಿಯೊ

ನಮ್ಮ ಕಲಬುರಗಿ ಸೀಮೆಯಲ್ಲಿ ಮದುವೆಗೆ ಬಾರದವರು ಮೂರು ಥರ. ಸಿಟ್ಟು ಮಾಡಿಕೊಂಡು ಬಾರದವರು ಮೊದಲನೆಯವರು. ಇವರನ್ನು ಕರೆಯಲು ಮನೆಯ ಹಿರಿಯರು ಎರಡು ಸಲ ಹೋಗಬೇಕು. ಎರಡನೆಯ ಸಲಕ್ಕೆ ಕರಗುತ್ತಾರೆ, ಮದುವೆಯ ದಿನ ಎಲ್ಲರಿಗಿಂತ ಮೊದಲ ಪಂಕ್ತಿಗೆ ಕೂಡುತ್ತಾರೆ. ಅದೇ ದಿನ ಬೇರೆ ಊರಲ್ಲಿ ಇನ್ನೊಂದು ಮದುವೆ ಇದ್ದು ಬಾರದವರು ಎರಡನೆಯವರು. ಇವರು ಯಾರ ಕೈಯಲ್ಲಾದರೂ ಆಯೇರಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಮೂರನೆಯವರು ಪರದೇಶದಲ್ಲಿ ಸಿಕ್ಕಿಕೊಂಡವರು. ಮೊದಲಿನ ಇಬ್ಬರಿಂದ ಮದುವೆಗೆ ಏನೂ ಬಾಧೆಯಿಲ್ಲ. ಈ ಮೂರನೆಯವರು ವಿಡಿಯೊ ಕಳಿಸುತ್ತಾರೆ.

ಆ ವಿಡಿಯೊ ಬಂದು ಬೀಳುವುದು ಮನೆಯಲ್ಲಿ ‘ಸ್ವಲ್ಪ ಕಂಪ್ಯೂಟರ್ ಬರ್ತದ’ ಎಂದು ಹೆಸರು ಕೆಡಿಸಿಕೊಂಡ ಯಾವನೋ ಒಬ್ಬ ಕಾಕಾನ ಕೊರಳಿಗೆ. ನಮ್ಮ ವಂಶದಲ್ಲಿ ಆ ಕಾಕಾ ನಾನು. ಉಳಿದವರು ಮದುವೆಗೆ ಹೊಸ ಧೋತರ ಉಟ್ಟು ಬಂದರೆ ನಾನು ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಬರುತ್ತೇನೆ. ಬೀಗರೂ ನನ್ನನ್ನು ಹುಡುಗನ ಕಾಕಾ ಎಂದು ಗುರುತಿಸುವುದಿಲ್ಲ, ‘ಪೆನ್‌ಡ್ರೈವಿನವ್ರು’ ಎನ್ನುತ್ತಾರೆ. ಹೀಗಾಗಿ ಈ ವಿಷಯದಲ್ಲಿ ನಾಲ್ಕು ಮಾತಾಡುವ ಅಧಿಕಾರ ನನಗಿದೆ ಎಂದು ನಾನೇ ತೀರ್ಮಾನಿಸಿದ್ದೇನೆ.

ಒಂದು ಮದುವೆ ಹಿಡಿದುಕೊಂಡೇ ಮಾತಾಡೋಣ. ಹುಡುಗ ಆಳಂದದವನು. ಹುಡುಗಿ ಜೇವರ್ಗಿ ಕಡೆಯವಳು. ಹುಡುಗನ ಸೋದರಮಾವನ ಊರು ಅಫಜಲಪುರ ತಾಲ್ಲೂಕಿನಲ್ಲಿ. ಹುಡುಗನ ಒಬ್ಬಳೇ ತಂಗಿ ಅಮೆರಿಕದ ಡಲ್ಲಾಸ್ ಹತ್ತಿರ. ಮದುವೆ ಮೇ ತಿಂಗಳಲ್ಲಿ, ಆಳಂದದ ಫಂಕ್ಷನ್ ಹಾಲ್‌ನಲ್ಲಿ. ಅಕ್ಕಿಕಾಳು ಮಧ್ಯಾಹ್ನ ಹನ್ನೆರಡೂವರೆಗೆ.

‘ರೊಕ್ಕದ ಆಸೆ, ಅದಕ್ಕ ಬರಲಿಲ್ಲ’ ಎಂದು ಮಾತಾಡುವ ಅತ್ತೆಯೊಬ್ಬಳು ಎಲ್ಲ ಮದುವೆಯಲ್ಲೂ ಇರುತ್ತಾಳೆ. ಆಕೆಗೆ ತಿಳಿಯುವಂತೆ ಹೇಳಬೇಕೆಂದರೆ ಕಥೆ ಹೀಗಿದೆ. ಅಲ್ಲಿ ಕೆಲಸ ಮಾಡಲು ಪರವಾನಗಿ ಇದ್ದರೂ, ಒಮ್ಮೆ ದೇಶ ಬಿಟ್ಟು ಬಂದರೆ ಒಳಗೆ ಹೋಗಲು ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ವೀಸಾ ಮುದ್ರೆ ಬೇಕು. ಅದು ಮುಗಿದಿದ್ದರೆ ಇಲ್ಲಿಯ ಕಾನ್ಸುಲೇಟಿನಲ್ಲಿ ಮತ್ತೆ ಸಂದರ್ಶನ. 2025ರ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸೋಶಿಯಲ್ ಮೀಡಿಯಾವನ್ನೂ ಅಮೆರಿಕದವರು ಜಾಲಾಡಲು ಹಿಡಿದರು. ಭಾರತದಲ್ಲಿ ಗೊತ್ತಾಗಿದ್ದ ಎಷ್ಟೋ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ಮದುವೆಗೆಂದು ಬಂದವರು ಬಾಣಂತನ ಮುಗಿಸಿಕೊಂಡು ಹೋಗುವಷ್ಟು ದಿನ ಇಲ್ಲೇ ಉಳಿಯಬೇಕಾದೀತು. 2019ರ ನವೆಂಬರಿನಲ್ಲಿ ಕಲಬುರಗಿಗೆ ವಿಮಾನ ನಿಲ್ದಾಣ ಆಯಿತು, ಇನ್ನು ನಮ್ಮ ಹುಡುಗರು ಮನೆಯ ಬಾಗಿಲಿಗೇ ಬಂದು ಇಳಿಯುತ್ತಾರೆ ಅಂತ ನಾವು ಹಿಗ್ಗಿದ್ದೇ ಹಿಗ್ಗಿದ್ದು. ವಿಮಾನ ಇಳಿಯಲು ಜಾಗ ಆಯಿತು, ಹತ್ತಲು ಮುದ್ರೆ ಸಿಗಲಿಲ್ಲ.

ಬರಲಾಗದವರ ಹಾರೈಕೆಯನ್ನು ಮಂಟಪದಲ್ಲಿ ಓದುವುದು ಹೊಸದೇನಲ್ಲ. ಮೊದಲು ತಾರು ಬರುತ್ತಿತ್ತು. ಪೋಸ್ಟಾಫೀಸಿನಲ್ಲಿ ಶುಭಾಶಯದ ವಾಕ್ಯಗಳಿಗೆ ನಂಬರು ಹಾಕಿಟ್ಟಿರುತ್ತಿದ್ದರು. ನಂಬರು ಹೇಳಿದರೆ ಸಾಕು, ಆ ಊರಿನ ಆಫೀಸಿನವರು ಪೂರ್ತಿ ವಾಕ್ಯ ಬರೆದು ಮದುವೆ ಮನೆಗೆ ಮುಟ್ಟಿಸುತ್ತಿದ್ದರು. ಮೈಕಿನವ ಅದನ್ನು ಓದಿದರೆ ಮುಗಿಯಿತು. ತಾರಿನಲ್ಲಿ ಯಾರೂ ಅಳುತ್ತಿರಲಿಲ್ಲ, ‘ಹಲೋ ಕೇಳ್ತದೇನ್ರಿ’ ಅನ್ನುತ್ತಿರಲಿಲ್ಲ, ಬಾಲ್ಯದಿಂದ ಶುರುಮಾಡುತ್ತಿರಲಿಲ್ಲ. 2013ರ ಜುಲೈನಲ್ಲಿ ಸರ್ಕಾರ ತಾರು ನಿಲ್ಲಿಸಿತು. ಆಮೇಲೆ ಎಲ್ಲರ ಕೈಗೆ ಕ್ಯಾಮರಾ ಬಂತು. ಒಂದು ವಾಕ್ಯದ ಹಾರೈಕೆ ಒಂಬತ್ತು ನಿಮಿಷದ್ದಾಯಿತು.

ನಮ್ಮ ಡಲ್ಲಾಸ್ ಮಗಳು ಕಳಿಸಿದ ಮೊದಲನೆಯ ವಿಡಿಯೊ ಅಂಥದ್ದೇ. ಹಿಂದೆ ಕಿಟಕಿ, ಕಿಟಕಿಯ ಆಚೆ ಬಿಸಿಲು, ಈಚೆ ಕರ್ರಗೆ ಒಂದು ಆಕಾರ. ಆ ಆಕಾರ ತನ್ನ ಒಂದನೆಯ ವರ್ಗದಿಂದ ಕಥೆ ಎತ್ತಿತು. ನಡುವೆ ಹದಿನೆಂಟು ಮಂದಿ ಬಂಧುಗಳ ಹೆಸರು ಹೇಳಿತು. ಹಿಂದೆ ಶಹನಾಯಿ ಸಂಗೀತ. ಕೊನೆಗೆ ಗಂಟಲು ಕಟ್ಟಿ ಎರಡು ನಿಮಿಷ ಬರೀ ಮೂಗಿನ ಸದ್ದು. ನೋಡಿ ಫೋನ್ ಮಾಡಿದೆ.

“ಯವ್ವಾ, ಭಾಳ ಛಂದ ಆಗ್ಯಾದ. ಇದು ಮನಿ ಮಂದಿಗಿ ಇರ್ಲಿ. ಹಾಲ್‌ಗೆ ಇನ್ನೊಂದು ಮಾಡಿ ಕಳಸು.”

“ಯಾಕ್ರಿ ಕಾಕಾ, ಏನ್ ಆಗ್ಯಾದ ಇದಕ್ಕ?”

“ಏನೂ ಆಗಿಲ್ಲ. ಇದು ನಿಮ್ಮ ಅವ್ವಗ ಮಾಡಿದ್ದು. ಹಾಲ್‌ದಾಗ ನಿಮ್ಮ ಅವ್ವನ ಸಂಗಟ ಎಂಟುನೂರು ಮಂದಿ ಇರ್ತಾರ.”

ಬೇರೆ ದೇಶದಲ್ಲಿ ಕೂತವರು ಮರೆಯುವುದು ಈ ಎಂಟುನೂರು ಮಂದಿಯನ್ನೇ. ಕ್ಯಾಮರಾ ಮುಂದೆ ಕೂತಾಗ ಅವರ ಕಣ್ಣಿಗೆ ಕಾಣುವುದು ಅಣ್ಣ. ಹಾಲ್‌ನಲ್ಲಿ ಅಣ್ಣನಿಗೆ ಬಾಸಿಂಗ ಕಟ್ಟಿರುತ್ತಾರೆ, ಪರದೆ ಅವನ ಬೆನ್ನ ಹಿಂದೆ ಇರುತ್ತದೆ, ತಿರುಗಿ ನೋಡಲು ಫೋಟೋದವನು ಬಿಡುವುದಿಲ್ಲ. ಹಾಲ್‌ನಲ್ಲಿ ತೋರಿಸುವ ವಿಡಿಯೊವನ್ನು ಸರಿಯಾಗಿ ನೋಡಲಾಗದವನು ಮದುಮಗ ಒಬ್ಬನೇ. ನೋಡುವವರು ಬೀಗರು, ಬೀಗರ ಬೀಗರು, ಮುಂದಿನ ಸಾಲಿನಲ್ಲಿ ಕೂತ ಊರ ಹಿರಿಯರು, ಹಿಂದಿನ ಸಾಲಿನಲ್ಲಿ ಅಡಿಗೆಯ ವಾಸನೆ ಹಿಡಿದು ಕೂತ ನನ್ನಂಥವರು. ಹಾಗಾಗಿ ಹಾಲ್‌ಗೆ ಒಂದು ವಿಡಿಯೊ, ಮನೆಗೆ ಇನ್ನೊಂದು. ಎರಡನ್ನೂ ಒಂದರಲ್ಲೇ ಮಾಡಲು ಹೋದವರು ಅಣ್ಣನನ್ನೂ ನಗಿಸಲಿಲ್ಲ, ಮಂದಿಯನ್ನೂ ಕೂಡಿಸಲಿಲ್ಲ.

ಮೊದಲು ಹಾಲ್‌ನ ವಿಷಯ. ಯಾವಾಗ ಹಾಕಬೇಕು ಎಂಬುದೇ ಅರ್ಧ ಭಾಷಣ. ಅಕ್ಕಿಕಾಳು ಬಿದ್ದ ಮೇಲೆ ಹಾಕಿದಿರೋ, ಪರದೆಯ ಮೇಲಿನ ತಂಗಿ ಖಾಲಿ ಕುರ್ಚಿಗಳಿಗೆ ಕೈಮುಗಿಯುತ್ತಾಳೆ. ಕೊನೆಯ ಕಾಳು ನೆಲ ಮುಟ್ಟುವುದರೊಳಗೆ ನಮ್ಮ ಮಂದಿ ಹುಗ್ಗಿಯ ಕಡೆ ಅರ್ಧ ದಾರಿಯಲ್ಲಿರುತ್ತಾರೆ. ಊಟದ ನಂತರ ಆಯೇರಿ ಶುರು. ಮೈಕಿನವನು ‘ಇಂಥವರಿಂದ ಐನೂರಾ ಒಂದು ರೂಪಾಯಿ’ ಎಂದು ಓದತೊಡಗಿದರೆ ಅವನ ಕೈಯಿಂದ ಮೈಕು ಕಿತ್ತುಕೊಳ್ಳಲು ಸ್ವಾಮಿಗಳಿಂದಲೂ ಆಗುವುದಿಲ್ಲ. ಸಿಗುವ ಜಾಗ ಒಂದೇ. ಅಕ್ಕಿಕಾಳು ಹಂಚಿ ಮುಗಿದಿರುತ್ತದೆ, ಸ್ವಾಮಿಗಳ ಕಾರು ಇನ್ನೂ ದಾರಿಯಲ್ಲಿರುತ್ತದೆ. ಎಲ್ಲರ ಮುಷ್ಟಿಯಲ್ಲೂ ಕಾಳು. ಕಾಳು ಹಾಕದೆ ಏಳುವಂತಿಲ್ಲ, ಕೆಳಗೆ ಇಡುವಂತಿಲ್ಲ, ಮೊಬೈಲು ತೆಗೆಯಲು ಕೈ ಖಾಲಿ ಇಲ್ಲ. ಇಂಥ ಸಭಿಕರು ಯಾವ ಭಾಷಣಕಾರನಿಗೂ ಸಿಕ್ಕುವುದಿಲ್ಲ.

ಇದರಲ್ಲಿ ಒಂದು ಅಪಾಯವೂ ಇದೆ. ಕಾಳು ಹಿಡಿದು ಕೂತವರ ಕೈ ಯಾವ ನೆಪಕ್ಕೂ ಹಾರುತ್ತದೆ. ವಿಡಿಯೊದಲ್ಲಿ ‘ಸಾವಧಾನ’ ಎಂಬ ಮಾತು ಬಂತೋ, ಕೊನೆಯಲ್ಲಿ ವಾದ್ಯ ಜೋರಾಗಿ ಹೊಡೆಯಿತೋ, ಹಿಂದಿನ ಅರ್ಧ ಹಾಲ್ ಪರದೆಗೇ ಅಕ್ಕಿಕಾಳು ಹಾಕಿ ಊಟಕ್ಕೆ ಏಳುತ್ತದೆ. ಅಯ್ನೋರಿಗೂ ಮೈಕಿನವನಿಗೂ ಮೊದಲೇ ಹೇಳಿಡಬೇಕು. ವಿಡಿಯೊ ಮುಗಿದ ಕೂಡಲೇ ಮೈಕಿನವನು “ಅಕ್ಕಿಕಾಳು ಇನ್ನಾ ಹಾಕಬ್ಯಾಡ್ರಿ” ಎನ್ನಬೇಕು.

ಸ್ವಾಮಿಗಳ ಕಾರು ಯಾವಾಗ ಬಂದೀತೋ ಹೇಳಲಾಗದು. ಆದ್ದರಿಂದ ವಿಡಿಯೊ ಎರಡು ನಿಮಿಷ ಮೀರಬಾರದು. ಕಾಗದದ ಮೇಲೆ ಬರೆದರೆ ಹೆಚ್ಚುಕಡಿಮೆ ಇನ್ನೂರು ಪದ. ‘ಇಷ್ಟರಾಗ ಏನ್ ಹೇಳ್ಲಿ ಕಾಕಾ’ ಎಂದು ಮಗಳು ಮುನಿದಳು. ಎಲ್ಲ ಹೇಳಬಹುದು, ಬಿಡಬೇಕಾದ್ದನ್ನು ಬಿಟ್ಟರೆ.

ಮೊದಲು ಬಿಡಬೇಕಾದ್ದು ಬಂಧುಗಳ ಹೆಸರು. ಒಬ್ಬ ಮಾವನ ಹೆಸರು ಹೇಳಿದರೆ ಉಳಿದ ಮಾವಂದಿರು ಅದೇ ಸಂಜೆ ಬಸ್ಸು ಹತ್ತುತ್ತಾರೆ. ಎಲ್ಲರ ಹೆಸರೂ ಹೇಳಿದರೆ ಅದು ಮದುವೆ ಕಾರ್ಡು, ಭಾಷಣವಲ್ಲ. ಊರಿನ ಹೆಸರು ಹೇಳಿದರೆ ಇಡೀ ಊರಿನವರು ‘ನಮ್ಮನ್ನ ನೆನಿಸಿದ್ಳು’ ಎಂದು ಎದೆ ಉಬ್ಬಿಸುತ್ತಾರೆ. ಎರಡನೆಯದಾಗಿ ಬಿಡಬೇಕಾದ್ದು ವೀಸಾದ ಕಥೆ. ಎಂಟುನೂರು ಮಂದಿಯ ಮುಂದೆ ಅದನ್ನು ಬಿಚ್ಚಿದರೆ ಊಟದ ಪಂಕ್ತಿಯಲ್ಲಿ ಎಲ್ಲರೂ ಟ್ರಂಪನ ಬಗ್ಗೆ ಮಾತಾಡುತ್ತಾರೆ, ಮದುಮಗಳ ಬಗ್ಗೆ ಅಲ್ಲ. ‘ಬರಲಿಕ್ಕ ಆಗಲಿಲ್ಲ’ ಎಂಬ ಒಂದು ಮಾತು ಸಾಕು. ಮೂರನೆಯದು ಚೇಷ್ಟೆ. ಚೇಷ್ಟೆ ಬಿಡಬಾರದು, ಅದರ ಗುರಿ ಮಾತ್ರ ನೋಡಿಕೊಳ್ಳಬೇಕು. ನಮ್ಮ ಹುಡುಗನನ್ನು ಎಷ್ಟು ಬೇಕಾದರೂ ಕಾಡಬಹುದು. ಹುಡುಗಿಯನ್ನು, ಅವಳ ತವರನ್ನು, ಮೈಬಣ್ಣವನ್ನು, ಕೊಟ್ಟದ್ದು ತಂದದ್ದನ್ನು, ಹಿಂದೆ ನೋಡಿ ಬಿಟ್ಟ ಸಂಬಂಧಗಳನ್ನು ಬಾಯಿಗೆ ತರಕೂಡದು. ಪರೀಕ್ಷೆ ಸುಲಭ. ಮಾತನ್ನು ಹುಡುಗಿಯ ಸೋದರಮಾವನ ಎದುರು ಕೂತು, ಅವರ ಮುಖ ನೋಡುತ್ತಾ ಹೇಳುವ ಧೈರ್ಯ ಇದೆಯೇ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಸಾವಿರಾರು ಮೈಲಿ ಆಚೆಯಿಂದಲೂ ಹೇಳಬಾರದು. ಹೇಳಿದವಳು ಡಲ್ಲಾಸಿನಲ್ಲಿ ಸುಖವಾಗಿರುತ್ತಾಳೆ, ಜಗಳ ಬಿಡಿಸುವವರು ಆಳಂದದಲ್ಲಿ ನಾವು.

ಹೀಗೆ ಬಿಟ್ಟು ಬಿಟ್ಟು ಉಳಿದದ್ದು ಇದು. ಮಗಳೇ ಬರೆದದ್ದು, ನಾನು ಕತ್ತರಿ ಹಿಡಿದದ್ದು.

“ಆಳಂದದವರಿಗೂ, ಅಫಜಲಪುರದವರಿಗೂ, ಜೇವರ್ಗಿಯಿಂದ ಬಂದ ನಮ್ಮ ಬೀಗರಿಗೂ ಶರಣು ಶರಣಾರ್ಥಿ. ನಾನು ಮದುಮಗನ ತಂಗಿ. ಈ ವಿಡಿಯೊ ನೀವು ನೋಡೋ ಹೊತ್ತಿಗಿ ಇಲ್ಲಿ ರಾತ್ರಿ ಎರಡು ಗಂಟಿ. ನೀವು ಅಕ್ಕಿಕಾಳು ಹಿಡಕೊಂಡು ಕುಂತೀರಿ, ನಾನು ಖಾಲಿ ಕೈಲೆ ಕುಂತೀನಿ. ಬರಬೇಕಂತ ಭಾಳ ಮಾಡ್ದೆ, ಬರಲಿಕ್ಕ ಆಗಲಿಲ್ಲ.

“ನಮ್ಮ ಅಣ್ಣನ ಬಗ್ಗೆ ಒಂದೇ ಮಾತು ಹೇಳ್ತೀನಿ. ಸಣ್ಣವರಿದ್ದಾಗ ಮಾವನ ಊರಿಗೆ ಹೋಗಿದ್ವಿ. ಗಾಣಗಾಪುರ ತೋರಸ್ತೀನಿ ಬಾ ಅಂತ ನನ್ನ ಸೈಕಲ್ ಮ್ಯಾಲ ಕೂಡಿಸ್ಕೊಂಡು ಹೊಂಟ. ಊರು ದಾಟಿದ ಮ್ಯಾಲ ಇಳದು, ತಾ ಹಿಂದ ಕುಂತ, ನನ್ನ ಕಡಿಂದ ಪೆಡಲ್ ಹೊಡಿಸ್ದ. ಮನಿಗಿ ಬಂದು ‘ನಾನೇ ಹೊಡ್ದೆ, ಕಾಲು ನೋಯ್ಲಿಕತ್ಯಾವ’ ಅಂತ ಎರಡು ದಿನ ಅವ್ವನ ಕೈಲೆ ಎಣ್ಣಿ ಹಚ್ಚಿಸ್ಕೊಂಡ. ವೈನಿ, ಅವ ಎಲ್ಲಿಗರ ಕರದ್ರ, ಪೆಡಲ್ ಯಾರು ಹೊಡಿತಾರ ಅಂತ ಮೊದಲ ಕೇಳ್ರಿ.

“ನಮ್ಮ ಅಮರ್ಜಾ ಹೊಳಿ ಆಳಂದ ಕಡಿಂದ ಹರದು ಗಾಣಗಾಪುರದಾಗ ಭೀಮಾ ಕೂಡ್ತದ. ಆ ಭೀಮಾ ಜೇವರ್ಗಿ ಕಡಿ ಹೋಗ್ತದ. ಅಂದ್ರ ನಮ್ಮೂರ ನೀರು ವೈನಿ ಊರಿಗಿ ಎಂದೋ ಹೋಗಿ ಬೀಗತನ ಮಾಡ್ಯಾದ. ಈಗ ವೈನಿ ಹೊಳಿ ಎದುರ ಬರ್ಲಿಕತ್ಯಾರ. ಅಷ್ಟು ಗಟ್ಟಿ ಇದ್ದವರೇ ನಮ್ಮ ಅಣ್ಣಗ ಬೇಕಾಗಿತ್ತು.

“ಅಪ್ಪಾ, ಅವ್ವಾ, ಅಳಬ್ಯಾಡ್ರಿ, ಕ್ಯಾಮರಾದವ ನಿಮ್ಮನ್ನೇ ಹಿಡದು ನಿಂತಾನ. ನನ್ನ ಪಾಲಿನ ಅಕ್ಕಿಕಾಳು ಕಾಕಾಗ ಹಾಕ್ಲಿಕ್ಕ ಹೇಳೀನಿ. ಎಲ್ಲಾರೂ ಹುಗ್ಗಿ ಉಂಡು, ಇಬ್ಬರಿಗೂ ಹರಸಿ ಹೋಗ್ರಿ. ಶರಣು.”

ಗಮನಿಸಬೇಕಾದ್ದು ಇಲ್ಲಿ ಎರಡೇ. ಒಂದು, ಅಣ್ಣನ ಗುಣ ಹೇಳಲು ‘ಅಣ್ಣ ಭಾಳ ಒಳ್ಳೆಯವ, ನನಗ ತಂದಿ ಇದ್ದಂಗ’ ಎಂಬ ಮಾತೇ ಇಲ್ಲ. ಆ ಮಾತು ಯಾವ ಅಣ್ಣನಿಗೂ ಹೊಂದುತ್ತದೆ, ಹಾಗಾಗಿ ಯಾರಿಗೂ ಕೇಳಿಸುವುದಿಲ್ಲ. ಸೈಕಲ್ಲಿನ ಕಥೆ ಇವನೊಬ್ಬನದು. ಎರಡು, ಹೊಳೆಯ ಮಾತು. ಅಮರ್ಜಾ ನದಿಗೆ ಆಳಂದ ತಾಲ್ಲೂಕಿನ ಕೋರಹಳ್ಳಿ ಹತ್ತಿರ ಅಣೆಕಟ್ಟಿದೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಹತ್ತಿರ ಅದು ಭೀಮೆಗೆ ಸೇರುವ ಸಂಗಮದಲ್ಲಿ ನಮ್ಮ ಮಂದಿಯೆಲ್ಲ ಮಿಂದಿದ್ದಾರೆ. ಜೇವರ್ಗಿಯವರಿಗೆ ಕಲಬುರಗಿಗೆ ಬರಬೇಕೆಂದರೆ ಭೀಮೆಯ ಸೇತುವೆ ದಾಟಲೇಬೇಕು. ಮೂರೂ ತಾಲ್ಲೂಕಿನವರಿಗೆ ಒಂದೇ ಉಸಿರಿನಲ್ಲಿ ತಮ್ಮದೆನಿಸುವ ಮಾತು ಬೇಕಿತ್ತು. ಅದನ್ನು ಹೊಳೆಯೇ ಒದಗಿಸಿತು. ನಿಮ್ಮ ಮದುವೆಯ ಊರುಗಳು ಬೇರೆ ಇದ್ದರೆ ನಡುವೆ ಏನಿದೆ ನೋಡಿಕೊಳ್ಳಿ. ಹೊಳೆ ಇಲ್ಲದಿದ್ದರೆ ಒಂದು ಜಾತ್ರೆಯಾದರೂ, ಎರಡೂ ಊರಿಗೆ ಹೋಗುವ ಒಂದು ಕೆಂಪು ಬಸ್ಸಾದರೂ ಇದ್ದೇ ಇರುತ್ತದೆ.

ಇನ್ನು ಕೊನೆಯಲ್ಲಿ ನನ್ನ ಹೆಸರಿಗೆ ಹಚ್ಚಿದ ಆ ಅಕ್ಕಿಕಾಳಿನ ಮಾತನ್ನು ನಾನು ಕತ್ತರಿಸಲು ನೋಡಿದೆ, ಮಗಳು ಬಿಡಲಿಲ್ಲ. ಈಗ ಆ ಮಂಟಪದಲ್ಲಿ ಎರಡೂ ಕೈಯಲ್ಲಿ ಕಾಳು ಹಿಡಿದು ನಿಲ್ಲುವುದು ನನ್ನ ಹಣೆಬರಹ.

ಬರೆದದ್ದಾಯಿತು, ಹಿಡಿಯುವುದು ಹೇಗೆ? ಫೋನು ಅಡ್ಡ ಇರಲಿ. ಉದ್ದ ಹಿಡಿದರೆ ಪರದೆಯ ನಡುವೆ ಒಂದು ಪಟ್ಟಿಯಲ್ಲಿ ತಂಗಿ, ಎರಡೂ ಕಡೆ ಕತ್ತಲು. ಕಿಟಕಿ ಮುಖದ ಎದುರು ಇರಲಿ, ಬೆನ್ನಿಗಲ್ಲ. ಕ್ಯಾಮರಾ ಕಣ್ಣಿನ ಮಟ್ಟಕ್ಕೆ ಬರುವಂತೆ ನಾಲ್ಕು ದಪ್ಪ ಪುಸ್ತಕದ ಮೇಲೆ ಇಡಿ. ಕಾಗದ ನೋಡಿ ಓದಬೇಡಿ, ಪರದೆ ದೊಡ್ಡದಾದಷ್ಟೂ ಓಡುವ ಕಣ್ಣು ಎದ್ದು ಕಾಣುತ್ತದೆ. ಇಷ್ಟು ಯಾರಿಗಾದರೂ ಗೊತ್ತು. ಗೊತ್ತಿಲ್ಲದ್ದು ಸದ್ದಿನ ವಿಷಯ.

ಹಾಲ್ ಎಂದರೆ ಬರೀ ಗೋಡೆ, ಫರಶಿ, ತಗಡು. ಮಾತು ಅಲ್ಲಿ ನಾಲ್ಕು ಸಲ ಬಡಿದು ಕಿವಿಗೆ ಬರುತ್ತದೆ. ಮೇಲೆ ಡಿಜೆಯವನ ಪೆಟ್ಟಿಗೆಗಳು ಕುಣಿಸಲಿಕ್ಕೆಂದೇ ಹುಟ್ಟಿದವು. ಅವುಗಳಲ್ಲಿ ಧಂ ಧಂ ಚೆನ್ನಾಗಿ ಬರುತ್ತದೆ, ಮಾತು ಬರುವುದಿಲ್ಲ. ಅದಕ್ಕೇ ಮಾತಿನ ಹಿಂದೆ ಸಂಗೀತ ಬೇಡವೇ ಬೇಡ. ಕಿವಿಗೆ ಹಾಕುವ ವೈರಿನಲ್ಲಿ ಸಣ್ಣ ಮೈಕು ಇರುತ್ತದಲ್ಲ, ಅದನ್ನು ಬಾಯಿಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿಕೊಂಡು ಮಾತಾಡಬೇಕು. ವಾಕ್ಯ ಮುಗಿದಾಗೊಮ್ಮೆ ಉಸಿರು ಬಿಡುವಷ್ಟು ನಿಲ್ಲಬೇಕು, ಹಿಂದಿನ ಮಾತಿನ ಪ್ರತಿಧ್ವನಿ ಸಾಯುವುದಕ್ಕೆ ಅಷ್ಟು ಹೊತ್ತು ಬೇಕು, ಮಂದಿಗೆ ನಗಲೂ ಬೇಕು. ಸರಿಯಾಗಿದೆಯೇ ತಿಳಿಯಲು ಬಚ್ಚಲಮನೆಯಲ್ಲಿ ಫೋನಿಟ್ಟು, ಬಾಗಿಲ ಹೊರಗೆ ನಿಂತು ಕೇಳಿ. ಅಲ್ಲಿ ತಿಳಿದ ಮಾತು ಹಾಲ್‌ನಲ್ಲೂ ತಿಳಿಯುತ್ತದೆ. ಇಷ್ಟಾದರೂ ಹಿಂದಿನ ಸಾಲಿನಲ್ಲಿ ಕೂಸುಗಳು ಅಳುತ್ತಿರುತ್ತವೆ, ಅದಕ್ಕೆ ಪರದೆಯ ಕೆಳಗೆ ದೊಡ್ಡ ಕನ್ನಡ ಅಕ್ಷರದಲ್ಲಿ ಮಾತುಗಳನ್ನು ಬರೆಸಿಬಿಡಿ. ಒಂದು ಸಲಕ್ಕೆ ಒಂದೇ ಸಾಲು.

ಆಮೇಲೆ ಕಳಿಸುವ ಕೆಲಸ. ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಅಂತಲೇ ಕಳಿಸಿದರೆ ಅದು ದಾರಿಯಲ್ಲಿ ಹಿಂಡಿ ಸಣ್ಣದು ಮಾಡಿಬಿಡುತ್ತದೆ. ಅಂಗೈಯಲ್ಲಿ ನೋಡಿದರೆ ಗೊತ್ತಾಗದು, ಹತ್ತು ಅಡಿ ಪರದೆಗೆ ಹಾಕಿದರೆ ತಂಗಿಯ ಮೂಗು ಎಲ್ಲಿದೆ ಎಂದು ಅವ್ವನೇ ಕೇಳುತ್ತಾಳೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಎರಡು ನಿಮಿಷಕ್ಕೆ ಇನ್ನೂರೈವತ್ತು ಎಂಬಿ ಆಸುಪಾಸು ಆದೀತು, ಚಿಂತೆಯಿಲ್ಲ. ಇನ್ನೊಂದು ಕಂಟಕ ಐಫೋನಿನವರದು. ಆ ಫೋನು ತಾನಾಗಿ ಎಚ್‌ಇವಿಸಿ ಎಂಬ ಹೊಸ ನಮೂನೆಯಲ್ಲಿ ವಿಡಿಯೊ ಹಿಡಿಯುತ್ತದೆ. ಪರದೆಯವನ ಹಳೇ ಲ್ಯಾಪ್‌ಟಾಪಿಗೆ ಆ ನಮೂನೆ ಓದಲು ಬರದಿದ್ದರೆ ದನಿ ಕೇಳುತ್ತದೆ, ಚಿತ್ರ ಕಪ್ಪು. ಇಲ್ಲವೇ ಚಿತ್ರ ತಡೆತಡೆದು ಜಿಗಿಯುತ್ತದೆ. ಹಾಗಾದಾಗ ಮಂದಿ ‘ಪೆನ್‌ಡ್ರೈವ್ ಕೆಟ್ಟದ’ ಎನ್ನುತ್ತಾರೆ. ಪೆನ್‌ಡ್ರೈವಿಗೆ ಏನೂ ಆಗಿರುವುದಿಲ್ಲ. ಹಿಡಿಯುವ ಮೊದಲೇ Settings > Camera > Formats ಒಳಗೆ ಹೋಗಿ Most Compatible ಒತ್ತಿದರೆ ಹಳೆಯ ಎಚ್.264 ನಮೂನೆಯಲ್ಲಿ ಬರುತ್ತದೆ. ಅದನ್ನು ಓದದ ಲ್ಯಾಪ್‌ಟಾಪು ಸಿಗುವುದು ಕಷ್ಟ.

ಪೆನ್‌ಡ್ರೈವಿನ ಕಾಕಾಗಳಿಗೂ ಒಂದು ಮಾತು. ಹಿಂದಿನ ದಿನ ಸಂಜೆ ಪರದೆಯವನನ್ನು ಹಿಡಿದು, ಅದೇ ಲ್ಯಾಪ್‌ಟಾಪಿನಲ್ಲಿ, ಅದೇ ಪರದೆಗೆ, ಪೂರ್ತಿ ಎರಡು ನಿಮಿಷ ಓಡಿಸಿ ನೋಡಬೇಕು. ಲ್ಯಾಪ್‌ಟಾಪಿನಿಂದ ಡಿಜೆಯವನ ಮಿಕ್ಸರಿಗೆ ಹೋಗುವ ವೈರು ಯಾರ ಹತ್ತಿರ ಇದೆ ಎಂದು ಕೇಳಬೇಕು. ಪರದೆಯವನು ‘ಡಿಜೆ ಕಡೆ ಅದ’ ಎನ್ನುತ್ತಾನೆ, ಡಿಜೆಯವನು ‘ಪರದಿಯವ ತರ್ತಾನ’ ಎನ್ನುತ್ತಾನೆ. ಆ ವೈರು ನಿಮ್ಮ ಜೇಬಿನಲ್ಲೂ ಒಂದು ಇರಲಿ. ಶಾಮಿಯಾನದಲ್ಲಿ ಮದುವೆಯಾದರೆ ಪ್ರೊಜೆಕ್ಟರು ನಂಬಬೇಡಿ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅದರ ಪರದೆ ಬರೀ ಬಿಳೀ ಅರಿವೆ. ಎಲ್‌ಇಡಿ ಪರದೆ ಆದರೆ ಹಗಲಲ್ಲೂ ಕಾಣುತ್ತದೆ.

ಇಷ್ಟು ಪಡಿಪಾಟಲು ಯಾಕೆ, ನೇರ ವಿಡಿಯೊ ಕಾಲ್ ಮಾಡಬಾರದೇ ಎಂದು ಕೇಳುವವರಿದ್ದಾರೆ. ಮೇ ತಿಂಗಳಲ್ಲಿ ಡಲ್ಲಾಸ್ ನಮಗಿಂತ ಹತ್ತೂವರೆ ತಾಸು ಹಿಂದೆ. ನಮ್ಮ ಹನ್ನೆರಡೂವರೆ ಅವರ ರಾತ್ರಿ ಎರಡು. ನಿದ್ದೆಗೆಟ್ಟು ಕೂತಳು ಎನ್ನಿ. ಹಾಲ್‌ನ ಎಂಟುನೂರು ಫೋನೂ ಒಂದೇ ಟವರಿಗೆ ಜೋತುಬಿದ್ದಿರುತ್ತವೆ. ಚಿತ್ರ ಅಲ್ಲೇ ನಿಲ್ಲುತ್ತದೆ, ಅದೂ ಬಾಯಿ ತೆರೆದಾಗಲೇ ನಿಲ್ಲುತ್ತದೆ. ಸ್ಪೀಕರಿನ ಸದ್ದು ಮೈಕಿಗೆ ಹೋಗಿ ‘ಕುಂಯ್’ ಎಂದು ಕೂಗುತ್ತದೆ. ‘ಕೇಳ್ತದೇನವ್ವಾ’, ‘ಕೇಳ್ತದ್ರಿ, ನಿಮಗ ಕೇಳ್ತದೇನ್ರಿ’, ಇಷ್ಟರಲ್ಲಿ ಸ್ವಾಮಿಗಳು ಬಂದೇಬಿಡುತ್ತಾರೆ.

ನೇರ ಕಾಲ್‌ಗೆ ಬೇರೆ ಜಾಗ ಇದೆ, ಅದು ಹೊಸ್ತಿಲು. ಮದುವೆಯಲ್ಲಿ ತಂಗಿಗೆಂದೇ ಮೀಸಲಾದ ಕೆಲಸ ಭಾಷಣವಲ್ಲ, ಬಾಗಿಲು ತಡೆಯುವುದು. ಮದುಮಕ್ಕಳು ಮನೆಗೆ ಬಂದಾಗ ನಾದಿನಿ ಬಾಗಿಲಿಗೆ ಅಡ್ಡ ನಿಲ್ಲಬೇಕು. ವೈನಿ ಒಡಪು ಹಾಕಿ ಗಂಡನ ಹೆಸರು ಹೇಳಬೇಕು. ಅಣ್ಣ ರೊಕ್ಕ ಬಿಚ್ಚಬೇಕು. ನನಗೆ ಹುಟ್ಟುವ ಮಗಳನ್ನು ನಿನ್ನ ಮಗನಿಗೆ ಕೊಡುತ್ತೇನೆ ಎಂದು ಅಣ್ಣನಿಂದ ಮಾತು ತೆಗೆದುಕೊಂಡ ಮೇಲೆಯೇ ದಾರಿ ಬಿಡಬೇಕು. ನಾದಿನಿ ಡಲ್ಲಾಸಿನಲ್ಲಿ ಕೂತರೆ ಬಾಗಿಲು ಹಾಳು ಬೀಳುತ್ತದೆ. ಯಾರೋ ದೂರದ ತಂಗಿಯನ್ನು ನಿಲ್ಲಿಸುತ್ತಾರೆ, ಅವಳು ನಾಚಿಕೊಂಡು ನೂರು ರೂಪಾಯಿಗೆ ಸರಿದುಬಿಡುತ್ತಾಳೆ. ಇದು ಅಣ್ಣಂದಿರಿಗೆ ಭಾರಿ ಲಾಭ.

ನಮ್ಮ ಮಗಳು ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಹುಡುಗಿ ಮನೆ ಹೊಗುವುದು ಸಂಜೆ ಆರೂವರೆಗೆ ಎಂದರೆ ಅವಳಿಗೆ ಬೆಳಿಗ್ಗೆ ಎಂಟು. ಚಹಾ ಹಿಡಿದು ನೇರ ಕಾಲ್‌ನಲ್ಲೇ ಬಾಗಿಲು ತಡೆಯಬಹುದು. ಆದರೆ ನಮ್ಮ ಆರೂವರೆ ಒಂಬತ್ತೂ ಆದೀತು, ಅಷ್ಟರಲ್ಲಿ ಅವಳಿಗೆ ಆಫೀಸು. ಅದಕ್ಕೆ ಒಂದು ರೆಕಾರ್ಡು ಮಾಡಿಟ್ಟುಕೊಳ್ಳಬೇಕು. ರೆಕಾರ್ಡಿಗೆ ಎದುರಿನವರ ಮಾತು ಕೇಳಿಸುವುದಿಲ್ಲವಲ್ಲ ಎಂದರೆ, ಕೇಳಿಸಬೇಕಾಗಿಯೇ ಇಲ್ಲ. ಯಾವ ನಾದಿನಿ ತಾನೇ ಕೇಳಿಸಿಕೊಂಡಿದ್ದಾಳೆ?

ಹೊಸ್ತಿಲ ಮೇಲೆ ಒಂದು ಸಣ್ಣ ಹುಡುಗಿ ಎರಡೂ ಕೈಯಲ್ಲಿ ಫೋನು ಹಿಡಿದು ನಿಲ್ಲಬೇಕು. ಇದು ಮಾತ್ರ ಉದ್ದ ಹಿಡಿದ ವಿಡಿಯೊ. ಅದರಲ್ಲಿ ಮಗಳು ಅನ್ನುತ್ತಾಳೆ: “ವೈನಿ, ಅಲ್ಲೇ ನಿಂದರ್ರಿ. ಹೆಸರು ಹೇಳಿ ಒಳಗ ಬರ್ರಿ.” ಆಮೇಲೆ ಸುಮ್ಮನೆ ಕೂತು, ಕಣ್ಣು ಪಿಳಿಪಿಳಿ ಬಿಡುತ್ತಾ, ಮನಸ್ಸಿನಲ್ಲೇ ಇಪ್ಪತ್ತರ ತನಕ ಎಣಿಸಬೇಕು. ಜೇವರ್ಗಿಯ ಹುಡುಗಿ ತಯಾರಿ ಮಾಡಿಕೊಂಡೇ ಬಂದಿರುತ್ತಾಳೆ:

“ಹೊಲ ತುಂಬ ತೊಗರಿ, ಹೊಳಿ ತುಂಬ ನೀರ,
ಫೋನಿನ್ಯಾಗ ನಾದಿನಿ, ಬಾಗ್ಲಾಗ ಭಾಳ ಜೋರ,
ನಮ್ಮವರ ಹೆಸರು ಹೇಳ್ತೀನಿ, ದಾರಿ ಬಿಡ್ರಿ ಒಂಚೂರ.”

ಇಪ್ಪತ್ತು ಎಣಿಸಿ ಮುಗಿದ ಕೂಡಲೇ ಪರದೆಯ ಮಗಳು ಕಿವಿಗೆ ಕೈ ಹಚ್ಚಿ “ಕೇಳ್ಲಿಲ್ಲ, ಜೋರ ಹೇಳ್ರಿ!” ಎನ್ನಬೇಕು. ಈ ಮಾತು ಯಾವಾಗಲೂ ಸರಿಹೋಗುತ್ತದೆ. ಹೆಸರು ಹೇಳಿದ್ದರೂ ಸರಿ, ಹೇಳದಿದ್ದರೂ ಸರಿ, ಮಂದಿ ನಗುತ್ತಿದ್ದರೂ ಸರಿ. ಮತ್ತೆ ಇಪ್ಪತ್ತು ಎಣಿಕೆ. ಆಮೇಲೆ ಅಣ್ಣನ ಪಾಳಿ: “ಅಣ್ಣಾ, ಅಷ್ಟೇ ಏನು? ಇನ್ನೊಂದು ನೋಟ್ ತಗಿ.” ಇದೂ ಹಾಗೆಯೇ. ಎಷ್ಟು ಕೊಟ್ಟಿದ್ದರೂ ತಪ್ಪಾಗದ ಮಾತು. ಫೋನು ಹಿಡಿದ ಹುಡುಗಿಗೆ ಮೊದಲೇ ಒಂದು ಗುಟ್ಟು ಹೇಳಿಟ್ಟಿರಬೇಕು: ನೋಟು ಕೈಗೆ ಬರುವ ತನಕ ಆ ಮಾತನ್ನೇ ಹಿಂದೆ ಸರಿಸಿ ಸರಿಸಿ ಹಾಕುತ್ತಿರಬೇಕು. ಎದುರಿಗೆ ನಿಂತ ನಾದಿನಿಯನ್ನು ಹೇಗಾದರೂ ಮಾಡಿ ರಮಿಸಬಹುದು. ರೆಕಾರ್ಡಿನ ನಾದಿನಿ ರಾಜಿಗೆ ಬರುವವಳಲ್ಲ.

ಮೊದಲು ಕಳಿಸಿದ್ದ ಒಂಬತ್ತು ನಿಮಿಷದ್ದೂ ವ್ಯರ್ಥವಲ್ಲ. ಮದುವೆ ಮುಗಿದು, ಶಾಮಿಯಾನ ಬಿಚ್ಚಿ, ಬೀಗರು ಬಸ್ಸು ಹತ್ತಿದ ಮೇಲೆ ಅವ್ವ ಅಪ್ಪನಿಗೆ ಟಿವಿಯಲ್ಲಿ ಹಾಕಿ ತೋರಿಸಿ. ಅಲ್ಲಿ ಒಂದನೆಯ ವರ್ಗದಿಂದ ಶುರುಮಾಡಬಹುದು, ಹದಿನೆಂಟಲ್ಲ, ಎಂಬತ್ತು ಹೆಸರು ಹೇಳಬಹುದು, ಅಳಬಹುದು. ಕೇಳುವವರಿಗೆ ಅವಸರವಿಲ್ಲ.

ಪರದೇಶದಲ್ಲಿರುವ ತಂಗಿ ತಮ್ಮಂದಿರಿಗೆ ಈ ಕಾಕಾನ ಕಡೆಯಿಂದ ಕೊನೆಯ ಮಾತು. ಹಾಲ್‌ಗೆ ಎರಡು ನಿಮಿಷ, ಹೊಸ್ತಿಲಿಗೆ ಒಂದು ನಿಮಿಷ, ಎರಡೂ ಮದುವೆಗೆ ಒಂದು ವಾರ ಮುಂಚೆ ನನ್ನ ಕೈಸೇರಬೇಕು. ಮತ್ತು ವಿಡಿಯೊ ಕಳಿಸಿದೆವು ಎಂದು ಆಯೇರಿ ಮಾಫಿ ಆಗುವುದಿಲ್ಲ. ಮೈಕಿನವನು ಓದುವಾಗ ಡಾಲರನ್ನು ರೂಪಾಯಿಗೆ ತಿರುಗಿಸಿಯೇ ಓದುತ್ತಾನೆ, ನೋಡಿ ಕಳಿಸಿ.